10ರಲ್ಲಿ ಚೆನ್ನಾಗಿ ಕಾಣುತ್ತದೆ, 40ಕ್ಕೆ ತಿರುಗಿಸಿದರೆ ಬರೀ ಮಂಜು

ಸಂಪಿಗೆ_ಬಯೋ

ಎಲ್ಲರಿಗೂ ನಮಸ್ಕಾರ. ಈ ವರ್ಷವೇ ಒಂದು ಪಿಯು ಕಾಲೇಜಿಗೆ ಜೀವಶಾಸ್ತ್ರ ಪಾಠಕ್ಕೆ ಸೇರಿದ್ದೇನೆ. ಲ್ಯಾಬಿನಲ್ಲಿ ಮೂರು ಮೈಕ್ರೋಸ್ಕೋಪ್ ಇವೆ. ಮೂರೂ ಒಂದೇ ಕಣ್ಣಿನಲ್ಲಿ ನೋಡುವಂಥವು, ಕೆಳಗೆ ಕನ್ನಡಿ ಇದೆ, ಬಲ್ಬ್ ಇಲ್ಲ. ಐಪೀಸ್ 10ರದು. ನೋಸ್‌ಪೀಸಿನಲ್ಲಿ 4, 10, 40 ಹೀಗೆ ಮೂರು ಆಬ್ಜೆಕ್ಟಿವ್.

4ರಲ್ಲಿ, 10ರಲ್ಲಿ ಏನಿಟ್ಟರೂ ಕಾಣುತ್ತದೆ. 40ಕ್ಕೆ ತಿರುಗಿಸಿದ ಕೂಡಲೇ ಬೆಳಗ್ಗೆ ಘಾಟಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ, ಬರೀ ಬಿಳಿ ಮಂಜು. ಸಣ್ಣ ತಿರುಪು ತಿರುಗಿಸಿ ತಿರುಗಿಸಿ ಬೆರಳು ನೋಯುತ್ತದೆ, ಏನೂ ಬರುವುದಿಲ್ಲ. ದೊಡ್ಡ ತಿರುಪನ್ನು ಸ್ವಲ್ಪ ಮುಟ್ಟಿದರೆ ಲೆನ್ಸ್ ಗಾಜಿಗೆ ಟಕ್ ಅಂತ ತಾಗುತ್ತದೆ. ಈರುಳ್ಳಿ ಸಿಪ್ಪೆಯ ಪ್ರಾಕ್ಟಿಕಲ್ ಹತ್ತಿರ ಬಂದಿದೆ, ಅದಾದ ಮೇಲೆ ಬೇರಿನ ತುದಿಯ ಮೈಟಾಸಿಸ್ ಸ್ಲೈಡ್ ತೋರಿಸಬೇಕು. 10ರಲ್ಲಿ ಕ್ರೋಮೋಸೋಮ್ ಅಂತ ಏನು ತೋರಿಸಲಿ? ಲೆನ್ಸ್ ಹಾಳಾಗಿವೆಯಾ, ಅಥವಾ ನಾನೇ ಏನಾದರೂ ಬಿಟ್ಟಿದ್ದೇನಾ?

ಪ್ರಾಕ್ಟಿಕಲ್_ಮೇಷ್ಟ್ರು

ಮೇಡಂ, ಇದು ತುಂಬಾ ಸರಳ. ಲೆನ್ಸ್ ಬದಲಾಯಿಸುವ ಮೊದಲು ಟ್ಯೂಬನ್ನು ಪೂರ್ತಿ ಮೇಲೆತ್ತಬೇಕು. 40 ಹಾಕಿ. ಪಕ್ಕದಿಂದ ನೋಡುತ್ತಾ ದೊಡ್ಡ ತಿರುಪಿನಿಂದ ಲೆನ್ಸನ್ನು ಕವರ್ ಸ್ಲಿಪ್ಪಿಗೆ ತಾಗುವಷ್ಟು ಹತ್ತಿರ ಇಳಿಸಿ. ಆಮೇಲೆ ಕಣ್ಣಿಟ್ಟು ನಿಧಾನ ಮೇಲೆತ್ತುತ್ತಾ ಬನ್ನಿ. ಚಿತ್ರ ಬಂದ ಕೂಡಲೇ ನಿಲ್ಲಿಸಿ, ಸಣ್ಣ ತಿರುಪಿನಲ್ಲಿ ಸರಿ ಮಾಡಿ. ಇಪ್ಪತ್ತು ವರ್ಷದಿಂದ ಹೀಗೇ ಕಲಿಸುತ್ತಿದ್ದೇನೆ, ಒಂದೂ ಲೆನ್ಸ್ ಒಡೆದಿಲ್ಲ.

ಕುತೂಹಲಿ_ಅಪ್ಪ

ಒಳ್ಳೆಯ ವಿಷಯ ತೆಗೆದಿರಿ. ನಮ್ಮ ಮಗಳು ಆರನೇ ಕ್ಲಾಸು, ಅವಳಿಗೂ ಒಂದು ತರಿಸೋಣ ಅಂತ ಆನ್‌ಲೈನಿನಲ್ಲಿ ನೋಡುತ್ತಿದ್ದೆ. 1200 ಪಟ್ಟು ಅಂತ ಬರೆದಿರುವುದು ಕಾಲೇಜಿನದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿದೆ. ನಿಮ್ಮದು 400 ಮಾತ್ರ ಅಲ್ವಾ? ಹಳೆಯದನ್ನು ಕೊಟ್ಟು ಅದನ್ನೇ ತರಿಸಿಬಿಡಿ.

ಲ್ಯಾಬ್_ಮಾವ

ಅಪ್ಪ ಅವರೇ, ಆ 1200ರ ಮಾತು ಆಮೇಲೆ ನೋಡೋಣ.

ಮೇಡಂ, ನಾನು ಲ್ಯಾಬ್ ಅಟೆಂಡರ್ ಆಗಿ ಸೇರಿ, ಕೊನೆಗೆ ಉಪಕರಣ ರಿಪೇರಿಯನ್ನೇ ಮಾಡಿಕೊಂಡು ರಿಟೈರ್ ಆದವನು. ನಿಮ್ಮ ಪ್ರಶ್ನೆಯಲ್ಲಿ ಮುಖ್ಯವಾದ ಒಂದು ವಿಷಯ ಇಲ್ಲ. ಯಾವ ಸ್ಲೈಡ್, ಯಾವ ಮೈಕ್ರೋಸ್ಕೋಪಿನಲ್ಲಿ ಕೈಕೊಡುತ್ತಿದೆ? ಮೂರಕ್ಕೂ ಮೂರು ಸ್ಲೈಡ್ ಹಾಕಿ ನೋಡಿ. ನೀವೇ ತಾಜಾ ಮಾಡಿದ ಈರುಳ್ಳಿ ಸಿಪ್ಪೆ ಒಂದು, ಮಕ್ಕಳು ಮಾಡಿದ್ದು ಒಂದು, ಆ ಮೈಟಾಸಿಸ್ ಸ್ಲೈಡ್ ಒಂದು. ದೋಷ ಸ್ಲೈಡಿನ ಜೊತೆ ಓಡಾಡುತ್ತದಾ, ಮೈಕ್ರೋಸ್ಕೋಪಿನ ಜೊತೆ ಓಡಾಡುತ್ತದಾ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಸುಮ್ನೆ ಲೆನ್ಸ್ ಬಿಚ್ಚಲು ಹೋಗಬೇಡಿ.

ಇನ್ನೊಂದು, 40ರ ಮೈಮೇಲೆ ಏನು ಕೆತ್ತಿದೆ ಅಂತ ಓದಿ ಹಾಕಿ.

ಸಂಪಿಗೆ_ಬಯೋ

ಸರ್, ಮಾಡಿ ನೋಡಿದೆ. ಮೈಕ್ರೋಸ್ಕೋಪಿಗೆ 1, 2, 3 ಅಂತ ಚೀಟಿ ಅಂಟಿಸಿಕೊಂಡೆ.

ನಾನು ಮಾಡಿದ ಈರುಳ್ಳಿ ಸ್ಲೈಡ್ 1ರಲ್ಲೂ 2ರಲ್ಲೂ 40ಕ್ಕೆ ಬಂತು! 3ರಲ್ಲಿ ಇಲ್ಲ. ಹುಡುಗರು ಮಾಡಿದ್ದು 1 ಮತ್ತು 2ರಲ್ಲಿ ಏನೋ ಕಾಣುತ್ತದೆ, ಆದರೆ ಕಲಸಿದ ಹಾಗೆ, ಗೆರೆಯ ಮೇಲೆ ಗೆರೆ. ಮೈಟಾಸಿಸ್ ಸ್ಲೈಡ್ ಮಾತ್ರ ಮೂರರಲ್ಲೂ ಬರಲಿಲ್ಲ. ಟಕ್ ಅಂತ ತಾಗುವುದೂ ಅದೇ ಸ್ಲೈಡ್. 10ರಲ್ಲಿ ನೋಡಿದರೆ ಅದೇ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು, ಅದೇ ನನಗೆ ಆಶ್ಚರ್ಯ.

1ರ ಲೆನ್ಸ್ ಮೇಲೆ 40/0.65, ಅದರ ಕೆಳಗೆ 160/0.17 ಅಂತ ಇದೆ. 2ರದೂ ಹಾಗೆಯೇ. 3ರದು ಸವೆದು ಹೋಗಿದೆ, 40 ಅಂತ ಮಾತ್ರ ಓದಬಹುದು.

ಲ್ಯಾಬ್_ಮಾವ

ಚೆನ್ನಾಗಿ ಮಾಡಿದಿರಿ. ಹಾಗಾದರೆ ನಿಮ್ಮ ಬಳಿ ಇರುವುದು ಒಂದು ಸಮಸ್ಯೆ ಅಲ್ಲ, ಮೂರು. ಮೂರೂ ಒಟ್ಟಿಗೆ ಬಂದಿದ್ದರಿಂದ ಮೈಕ್ರೋಸ್ಕೋಪೇ ಸರಿಯಿಲ್ಲ ಅನ್ನಿಸಿದೆ.

ಮೊದಲು ಆ ಮೈಟಾಸಿಸ್ ಸ್ಲೈಡ್. ಅದನ್ನು ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯಿರಿ. ಕವರ್ ಸ್ಲಿಪ್ಪಿನ ಅಂಚು ಒಂದು ಮೆಟ್ಟಿಲಿನಂತೆ ಮಿಂಚುತ್ತದೆ. ಕಾಣದಿದ್ದರೆ ಉಗುರನ್ನು ಮೆಲ್ಲಗೆ ಅಡ್ಡ ಎಳೆಯಿರಿ, ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಆ ಮೆಟ್ಟಿಲು ನೀವು ಸ್ಟೇಜಿನ ಮೇಲೆ ಇಡುವಾಗ ಮೇಲ್ಗಡೆ ಇದೆಯಾ, ಕೆಳಗಡೆ ಇದೆಯಾ? ನೋಡಿ ಹೇಳಿ. ಆಮೇಲೆ ಮುಂದಿನ ಮಾತು.

ಸಂಪಿಗೆ_ಬಯೋ

ಅಯ್ಯೋ ಸರ್. ಕೆಳಗಡೆ ಇದೆ!

ಆದರೆ ಲೇಬಲ್ ಮೇಲ್ಗಡೆ ಇದೆಯಲ್ಲ? ಲೇಬಲ್ ಕಾಣುವ ಹಾಗೆ ತಾನೇ ಇಡುವುದು? ಈಗ ನೋಡಿದರೆ ಲೇಬಲ್ಲೇ ಹೊಸದು. ಹಳೆಯದು ಕಿತ್ತುಹೋದ ಮೇಲೆ ಯಾರೋ ಬಿಳಿ ಕಾಗದ ಕತ್ತರಿಸಿ, ಪೆನ್ನಿನಲ್ಲಿ ಬರೆದು, ಹಿಂದಿನ ಮೈಗೆ ಅಂಟಿಸಿದ್ದಾರೆ. ಡಬ್ಬಿಯಲ್ಲಿ ಹೀಗೆ ಬರೆದ ಸ್ಲೈಡ್ ಇನ್ನೂ ಹಲವು ಇವೆ.

ತಿರುಗಿಸಿ ಇಟ್ಟೆ. 1ರಲ್ಲಿ 40ಕ್ಕೆ ಬಂತು. ಮೆಟಾಫೇಸ್ ಕಾಣಿಸಿತು ಸರ್!

ದ್ವಿತೀಯ_ಪಿಯು_ಹುಡುಗ

ಗಾಜು ತಾನೇ, ಎರಡೂ ಕಡೆಯಿಂದ ಬೆಳಕು ಹೋಗುತ್ತದೆ. ಉಲ್ಟಾ ಇಟ್ಟರೆ 10ರಲ್ಲಿ ಕಂಡಿದ್ದು 40ರಲ್ಲಿ ಯಾಕೆ ಕಾಣಬಾರದು?

ಲ್ಯಾಬ್_ಮಾವ

ಒಳ್ಳೆಯ ಪ್ರಶ್ನೆ ಮರಿ. ಎಲ್ಲಾ ಅಡಗಿರುವುದು ದೂರದಲ್ಲಿ.

ಆಬ್ಜೆಕ್ಟಿವ್ ಎಷ್ಟು ಶಕ್ತಿಯದೋ ಅದು ವಸ್ತುವಿಗೆ ಅಷ್ಟು ಹತ್ತಿರ ಬರಬೇಕು. 4ರದು ಒಂದೆರಡು ಸೆಂಟಿಮೀಟರ್ ದೂರದಿಂದಲೇ ನೋಡುತ್ತದೆ. 10ರದು ಐದಾರು ಮಿಲಿಮೀಟರಿನಿಂದ. 40ರದಕ್ಕೆ ಅರ್ಧ ಮಿಲಿಮೀಟರಿನ ಆಸುಪಾಸು ಮಾತ್ರ ಜಾಗ. ಸ್ಲೈಡ್ ಗಾಜಿನ ದಪ್ಪವೇ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ಸ್ಲೈಡ್ ಉಲ್ಟಾ ಇದ್ದರೆ ವಸ್ತು ಆ ದಪ್ಪ ಗಾಜಿನ ಆಚೆ ಬದಿಗೆ ಹೋಗಿ ಕೂತಿರುತ್ತದೆ. 10ರದಕ್ಕೆ ಅದು ಲೆಕ್ಕಕ್ಕೇ ಇಲ್ಲ, ಹಾಗಾಗಿ ಕಾಣುತ್ತದೆ. 40ರ ಮೂತಿ ಗಾಜಿಗೆ ತಾಗಿ ನಿಂತರೂ ಅದರ ದೃಷ್ಟಿ ಗಾಜಿನ ಅರ್ಧಕ್ಕೇ ಮುಗಿಯುತ್ತದೆ. ಅದಕ್ಕೇ ಟಕ್ ಅಂತ ಸದ್ದಾಗಿದ್ದು.

ಕವರ್ ಸ್ಲಿಪ್ ಮೇಲಿದ್ದರೆ ದಾರಿಯಲ್ಲಿ ಸಿಗುವುದು 0.17 ಮಿ.ಮೀ. ಗಾಜು. ಮೇಡಂ ಓದಿದ 160/0.17ರಲ್ಲಿ ಆ ಕೊನೆಯ ಅಂಕಿ ಅದೇ. ಇಷ್ಟು ದಪ್ಪದ ಕವರ್ ಸ್ಲಿಪ್ ಇರುತ್ತದೆ ಅಂತ ಲೆಕ್ಕ ಹಾಕಿಯೇ ಲೆನ್ಸ್ ಮಾಡಿರುತ್ತಾರೆ. 160 ಅಂದರೆ ಟ್ಯೂಬಿನ ಉದ್ದ, ಮಿಲಿಮೀಟರಿನಲ್ಲಿ.

ಸ್ಮಿಯರ್_ಸವಿತಾ

ಈ 0.17 ನೋಡಿ ನನ್ನ ಕಥೆ ನೆನಪಾಯಿತು. ನಾನು ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ರಕ್ತದ ಸ್ಮಿಯರ್ ನೋಡುವಾಗ 10ರಲ್ಲಿ ಚೆನ್ನ, 100ರಲ್ಲಿ ಎಣ್ಣೆ ಹಾಕಿದರೆ ಇನ್ನೂ ಚೆನ್ನ, ಮಧ್ಯದ 40 ಮಾತ್ರ ಯಾವಾಗಲೂ ಮಬ್ಬು. ನಮ್ಮ ಲೆನ್ಸ್ ಕೂಡ ಹಾಳಾ?

ಲ್ಯಾಬ್_ಮಾವ

ಸವಿತಾ ಮೇಡಂ, ನಿಮ್ಮದು ತದ್ವಿರುದ್ಧ. ಸಂಪಿಗೆ ಮೇಡಂಗೆ ಗಾಜು ಜಾಸ್ತಿ ಆಗಿತ್ತು, ನಿಮಗೆ ಕಡಿಮೆ. ಸ್ಮಿಯರಿಗೆ ಕವರ್ ಸ್ಲಿಪ್ ಹಾಕುವುದಿಲ್ಲ ಅಲ್ವಾ? 40 ಆ 0.17ನ್ನು ಹುಡುಕುತ್ತದೆ, ಸಿಗುವುದಿಲ್ಲ, ಅಂಚುಗಳು ಚದುರುತ್ತವೆ. 40ರಲ್ಲಿ ನೋಡಲೇಬೇಕಿದ್ದರೆ ಒಣಗಿದ ಸ್ಮಿಯರಿನ ಮೇಲೆ ಒಂದು ಸಣ್ಣ ಹನಿ ಇಮ್ಮರ್ಷನ್ ಎಣ್ಣೆ ಹಾಕಿ, ಅದರ ಮೇಲೆ ಕವರ್ ಸ್ಲಿಪ್ ಇಡಿ. ಎಣ್ಣೆ ಕವರ್ ಸ್ಲಿಪ್ಪಿನ ಕೆಳಗೇ ಇರಬೇಕು, ಮೇಲೆ ಬರಬಾರದು. ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

100ರಲ್ಲಿ ನೋಡಿದ ಮೇಲೆ ಅದೇ ಎಣ್ಣೆಯ ಮೇಲೆ 40ನ್ನು ಹಾಯಿಸುವ ಅಭ್ಯಾಸ ನಿಮ್ಮಲ್ಲಿ ಯಾರಿಗಾದರೂ ಇದೆಯಾ? ನನ್ನ ಬಳಿ ರಿಪೇರಿಗೆ ಬರುತ್ತಿದ್ದ ಮಬ್ಬು 40ಗಳಲ್ಲಿ ಬಹಳಷ್ಟರ ಮೂತಿಗೆ ಒಣಗಿದ ಎಣ್ಣೆ ಅಂಟಿರುತ್ತಿತ್ತು. ಪರೀಕ್ಷೆ ಮಾಡುವುದು ಸುಲಭ. ಐಪೀಸನ್ನು ಹೊರತೆಗೆದು ತಲೆಕೆಳಗೆ ಹಿಡಿದರೆ ಅದೇ ಒಳ್ಳೆಯ ಭೂತಗನ್ನಡಿ. ಅದರಿಂದ 40ರ ಮುಂದಿನ ಗಾಜನ್ನು ನೋಡಿ. ಎಣ್ಣೆಯಿದ್ದರೆ ಕಾಮನಬಿಲ್ಲಿನ ಬಣ್ಣದ ಪೊರೆಯಂತೆ ಕಾಣುತ್ತದೆ. ಲೆನ್ಸ್ ಪೇಪರಿನಲ್ಲಿ ಒರೆಸಿ, ಸೀರೆ ಸೆರಗು, ಕರ್ಚೀಫು ಬೇಡ.

ಸ್ಮಿಯರ್_ಸವಿತಾ

ಪೊರೆಯೂ ಇತ್ತು ಸರ್. ನಮ್ಮಲ್ಲಿ ರಾತ್ರಿ ಪಾಳಿಯವರು ಹಾಗೇ ತಿರುಗಿಸುತ್ತಾರೆ ಅಂತ ನನಗೆ ಅನುಮಾನ ಇದ್ದೇ ಇತ್ತು.

ಪ್ರಾಕ್ಟಿಕಲ್_ಮೇಷ್ಟ್ರು

ಸ್ಲೈಡ್ ಉಲ್ಟಾ ಇದ್ದಿದ್ದು ಸರಿ, ಒಪ್ಪಿದೆ. ಆದರೆ ನಾನು ಹೇಳಿದ ವಿಧಾನಕ್ಕೆ ಯಾರೂ ಉತ್ತರ ಕೊಡಲಿಲ್ಲ. ಟ್ಯೂಬ್ ಎತ್ತದೆ ನೇರವಾಗಿ 40 ತಿರುಗಿಸಿದರೆ ಅರ್ಧ ಮಿಲಿಮೀಟರಿನ ಜಾಗದಲ್ಲಿ ಕವರ್ ಸ್ಲಿಪ್ ಒಡೆಯುವುದಿಲ್ಲವಾ? ನೀವೇ ದೂರ ಅಷ್ಟು ಕಡಿಮೆ ಅಂದಿರಿ.

ಲ್ಯಾಬ್_ಮಾವ

ಮೇಷ್ಟ್ರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. ಪಕ್ಕದಿಂದ ನೋಡುತ್ತಾ ಹತ್ತಿರ ತರುವುದು, ಕಣ್ಣಿಟ್ಟು ನೋಡುತ್ತಾ ದೂರ ಸರಿಸುವುದು, ಈ ಎರಡು ನೂರಕ್ಕೆ ನೂರು ಸರಿ. ಆದರೆ ಅದು ಮೊದಲ ಲೆನ್ಸಿಗೆ, ಅಂದರೆ 4ಕ್ಕೆ ಅಥವಾ 10ಕ್ಕೆ. 40ಕ್ಕೆ ಬರುವಾಗ ಎತ್ತಿದರೆ ಇದ್ದ ಫೋಕಸ್ಸನ್ನು ಕೈಯಾರೆ ಕಳೆದುಕೊಂಡ ಹಾಗೆ.

ಒಂದೇ ಸೆಟ್ಟಿನ ಲೆನ್ಸುಗಳನ್ನು ನೋಡಿ. 4ರದು ಗಿಡ್ಡ, 10ರದು ಸ್ವಲ್ಪ ಉದ್ದ, 40ರದು ಇನ್ನೂ ಉದ್ದ. ಯಾಕೆ ಹಾಗೆ? ಪ್ರತಿಯೊಂದೂ ತಾನು ನಿಲ್ಲಬೇಕಾದ ದೂರಕ್ಕೆ ಸರಿಯಾಗಿ ಚಾಚಿಕೊಂಡಿರುತ್ತದೆ. ನೋಸ್‌ಪೀಸಿಗೆ ಸ್ಕ್ರೂ ಆಗುವ ಜಾಗದಿಂದ ವಸ್ತುವಿನವರೆಗಿನ ಅಳತೆ ಎಲ್ಲದಕ್ಕೂ ಒಂದೇ. ಈಗಿನ ಬಹಳಷ್ಟು 160ರ ಲೆನ್ಸಿಗೆ ಅದು 45 ಮಿ.ಮೀ. ಹಾಗಾಗಿ 10ರಲ್ಲಿ ಚೊಕ್ಕವಾಗಿ ಫೋಕಸ್ ಆಗಿದ್ದರೆ, 40 ತಿರುಗಿ ಕ್ಲಿಕ್ ಅಂತ ಕೂತಾಗ ಅದು ಸರಿಯಾದ ದೂರದಲ್ಲೇ ಇರುತ್ತದೆ. ಗಾಜಿಗೆ ತಾಗುವುದಿಲ್ಲ. ಸಣ್ಣ ತಿರುಪು ಕಾಲು ಸುತ್ತು, ಹೆಚ್ಚೆಂದರೆ ಅರ್ಧ ಸುತ್ತು ಸಾಕು.

ನಿಮ್ಮ ವಿಧಾನದಲ್ಲಿ 40ನ್ನು ದೊಡ್ಡ ತಿರುಪಿನಿಂದ ಎತ್ತುವಾಗ ಏನಾಗುತ್ತದೆ ಅಂದರೆ, 40ರಲ್ಲಿ ಚೊಕ್ಕವಾಗಿ ಕಾಣುವ ಪದರ ಒಂದು ಮೈಕ್ರಾನಿನ ಸುತ್ತಮುತ್ತ ಅಷ್ಟೇ ದಪ್ಪ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ದೊಡ್ಡ ತಿರುಪು ಕೂದಲೆಳೆಯಷ್ಟು ಅಲುಗಿದರೂ ಆ ಪದರ ದಾಟಿ ಹೋಗಿರುತ್ತದೆ. ನಿಮಗೆ ಇಪ್ಪತ್ತು ವರ್ಷದ ಕೈ ಇದೆ, ಸಿಗುತ್ತದೆ. ಮೊದಲ ಸಲ ಮುಟ್ಟುವ ಹುಡುಗನಿಗೆ ಸಿಗುವುದಿಲ್ಲ.

ಪ್ರಾಕ್ಟಿಕಲ್_ಮೇಷ್ಟ್ರು

ನಲವತ್ತು ಹುಡುಗರು, ಮೂರು ಮೈಕ್ರೋಸ್ಕೋಪ್ ಇರುವ ಲ್ಯಾಬಿನಲ್ಲಿ ನಿಂತು ನೋಡಿ ಸ್ವಾಮಿ. 10ರಲ್ಲಿ ಚೊಕ್ಕವಾಗಿ ಫೋಕಸ್ ಮಾಡಿಯೇ ತಿರುಗಿಸುತ್ತಾರೆ ಅಂತ ಗ್ಯಾರಂಟಿ ಏನು? ಎತ್ತಿ ತಿರುಗಿಸಿದರೆ ಗಾಜಾದರೂ ಉಳಿಯುತ್ತದೆ. ನಾನು ಬದಲಾಯಿಸುವುದಿಲ್ಲ.

ಸಂಪಿಗೆ_ಬಯೋ

ಇಬ್ಬರೂ ಬೇಜಾರು ಮಾಡಿಕೊಳ್ಳಬೇಡಿ. ಲ್ಯಾಬ್ ಮಾವ ಸರ್, ನೀವು ಈರುಳ್ಳಿ ಸಿಪ್ಪೆಯನ್ನು 4ರಿಂದ 40ರವರೆಗೆ ಹೇಗೆ ತರುತ್ತೀರಿ? ಕೈ ಏನು ಮಾಡುತ್ತದೆ ಅಂತ ಒಂದು ಸಲ ಬರೆಯಿರಿ. ಹಾಗೆಯೇ ಮಕ್ಕಳ ಸ್ಲೈಡ್ ಯಾಕೆ ಕಲಸಿದ ಹಾಗೆ ಕಾಣುತ್ತದೆ?

ಲ್ಯಾಬ್_ಮಾವ

ಬರೆಯುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮಕ್ಕಳ ಸ್ಲೈಡಿನ ಮಾತು ಮೊದಲು. ಈರುಳ್ಳಿಯ ಒಳಮೈ ಪೊರೆ ತೆಗೆದ ಕೂಡಲೇ ಸುರುಳಿ ಸುತ್ತಿಕೊಳ್ಳುತ್ತದೆ, ಗೊತ್ತಲ್ಲ. ಅದನ್ನು ಬಿಡಿಸದೆ ಕವರ್ ಸ್ಲಿಪ್ ಒತ್ತಿದರೆ ಪೊರೆ ಎರಡು ಮಡಿಕೆ ಆಗುತ್ತದೆ. 10ರಲ್ಲಿ ಎರಡೂ ಪದರ ಒಟ್ಟಿಗೆ ಕಂಡು ಪರವಾಗಿಲ್ಲ ಅನ್ನಿಸುತ್ತದೆ. 40ರಲ್ಲಿ ಒಂದನ್ನು ಫೋಕಸ್ ಮಾಡಿದರೆ ಇನ್ನೊಂದು ಅದರ ಮೇಲೆ ಮಬ್ಬಾಗಿ ಹರಡುತ್ತದೆ. ನೀವು ಹೇಳಿದ ಗೆರೆಯ ಮೇಲೆ ಗೆರೆ ಅದೇ. ಪೊರೆಯನ್ನು ವಾಚ್ ಗ್ಲಾಸಿನ ನೀರಿನಲ್ಲಿ ತೇಲಿಸಿ, ಬ್ರಷ್ಷಿನಿಂದ ಎತ್ತಿ, ಸ್ಲೈಡಿನ ಮೇಲೆ ಸೂಜಿಯಿಂದ ಬಿಡಿಸಿ. ಹೊಸ ಡಬ್ಬಿಯ ಕವರ್ ಸ್ಲಿಪ್ ಎರಡೆರಡು ಅಂಟಿಕೊಂಡಿರುತ್ತವೆ, ಅದನ್ನೂ ನೋಡಿಕೊಳ್ಳಿ. ಕೊನೆಗೆ ಅಂಚಿನ ನೀರನ್ನು ಫಿಲ್ಟರ್ ಪೇಪರಿನಿಂದ ಹೀರಿಸಿ. ಗ್ಲಿಸರಿನ್ನೋ ನೀರೋ ಕವರ್ ಸ್ಲಿಪ್ಪಿನ ಮೇಲೆ ಬಂದಿದ್ದರೆ 40ರ ಮೂತಿ ಅದರಲ್ಲಿ ಅದ್ದುತ್ತದೆ. ಆಮೇಲೆ ಆ ದಿನವಿಡೀ ಯಾವ ಸ್ಲೈಡ್ ಇಟ್ಟರೂ ಮಬ್ಬೇ.

ಈಗ ಕೈ. 4ರ ಲೆನ್ಸ್ ಕ್ಲಿಕ್ ಅನ್ನುವ ತನಕ ತಿರುಗಿಸಿ. ಲೆನ್ಸನ್ನು ಹಿಡಿದು ತಿರುಗಿಸಬೇಡಿ, ನೋಸ್‌ಪೀಸಿನ ಬಳೆಯನ್ನೇ ಹಿಡಿಯಿರಿ. ಲೆನ್ಸ್ ಹಿಡಿದರೆ ದಿನ ಕಳೆದಂತೆ ಅದು ಸಡಿಲ ಆಗುತ್ತದೆ. ಕ್ಲಿಕ್ ಆಗದೆ ಅರ್ಧಕ್ಕೆ ನಿಂತರೆ ಕಾಣುವ ವೃತ್ತದ ಒಂದು ಬದಿ ಕಪ್ಪಾಗಿ ಕತ್ತರಿಸಿದಂತೆ ಇರುತ್ತದೆ.

ಕಿಟಕಿಯ ಹತ್ತಿರ ಕೂತುಕೊಳ್ಳಿ, ನೇರ ಬಿಸಿಲು ಬೇಡವೇ ಬೇಡ, ಕಣ್ಣಿಗೆ ಅಪಾಯ. ಸ್ಟೇಜಿನ ಕೆಳಗೆ ಕಂಡೆನ್ಸರ್ ಇದ್ದರೆ ಕನ್ನಡಿಯ ಚಪ್ಪಟೆ ಮುಖ ಮೇಲೆ ಬರಲಿ, ಕಂಡೆನ್ಸರ್ ಇಲ್ಲದಿದ್ದರೆ ಗುಳಿ ಮುಖ. ವೃತ್ತವಿಡೀ ಒಂದೇ ಸಮ ಬೆಳಗುವ ತನಕ ಕನ್ನಡಿ ಆಡಿಸಿ. ಕೆಲವೊಮ್ಮೆ ಸ್ಲೈಡಿನ ಮೇಲೆ ಕಿಟಕಿಯ ಸರಳುಗಳೇ ಕಾಣುತ್ತವೆ. ಹುಡುಗರು ಅದನ್ನೂ ಕೋಶಭಿತ್ತಿ ಅಂತ ಬರೆದಿದ್ದು ನೋಡಿದ್ದೇನೆ. ಕಂಡೆನ್ಸರನ್ನು ಕೂದಲೆಳೆಯಷ್ಟು ಇಳಿಸಿ, ಹೋಗುತ್ತದೆ.

ಪಕ್ಕದಿಂದ ನೋಡುತ್ತಾ ದೊಡ್ಡ ತಿರುಪಿನಿಂದ ಲೆನ್ಸನ್ನೂ ಸ್ಲೈಡನ್ನೂ ಹತ್ತಿರ ತನ್ನಿ. ನಿಮ್ಮ ಹಳೆಯ ಮಾದರಿಯಲ್ಲಿ ಟ್ಯೂಬ್ ಕೆಳಗಿಳಿಯುತ್ತದೆ, ಹೊಸ ಮಾದರಿಯಲ್ಲಿ ಸ್ಟೇಜ್ ಮೇಲೇರುತ್ತದೆ. ಅದಕ್ಕೇ ನಾನು ಮೇಲೆ ಕೆಳಗೆ ಅನ್ನುವುದಿಲ್ಲ, ಹತ್ತಿರ ದೂರ ಅನ್ನುತ್ತೇನೆ. ಆಮೇಲೆ ಕಣ್ಣಿಟ್ಟು ದೂರ ಸರಿಸುತ್ತಾ ಹೋದರೆ ಸಿಪ್ಪೆಯ ಇಟ್ಟಿಗೆ ಜೋಡಿಸಿದಂಥ ಸಾಲು ಕಾಣುತ್ತದೆ.

ಇಲ್ಲಿ ಅವಸರ ಬೇಡ. ನೋಡಬೇಕಾದ ಕೋಶವನ್ನು ವೃತ್ತದ ನಟ್ಟನಡುವಿಗೆ ತನ್ನಿ. ಚಿತ್ರ ತಲೆಕೆಳಗಾಗಿರುತ್ತದೆ, ಎಡ ಬಲವೂ ಅದಲು ಬದಲು, ಆದ್ದರಿಂದ ಎಡಕ್ಕೆ ಹೋಗಬೇಕಾದ ಕೋಶಕ್ಕೆ ಸ್ಲೈಡನ್ನು ಬಲಕ್ಕೆ ಸರಿಸಬೇಕು. ನಡುವಿಗೆ ಯಾಕೆ ಅಂದರೆ, ಸಾಮಾನ್ಯ ಐಪೀಸಿನಲ್ಲಿ 4ರಲ್ಲಿ ಕಾಣುವ ವೃತ್ತ ಸುಮಾರು ನಾಲ್ಕೂವರೆ ಮಿಲಿಮೀಟರ್ ಅಗಲ. 40ರಲ್ಲಿ ಅದರ ಹತ್ತನೇ ಒಂದು, ಅರ್ಧ ಮಿಲಿಮೀಟರಿಗಿಂತ ಕಡಿಮೆ. ಅಂಚಿನಲ್ಲಿದ್ದ ಕೋಶ 40ಕ್ಕೆ ಬರುವಷ್ಟರಲ್ಲಿ ಊರು ಬಿಟ್ಟಿರುತ್ತದೆ. ಎಷ್ಟೋ ಸಲ ಫೋಕಸ್ ಸರಿಯಾಗಿಯೇ ಇರುತ್ತದೆ, ನೋಡಲು ಅಲ್ಲಿ ಏನೂ ಇರುವುದಿಲ್ಲ, ಅಷ್ಟೇ.

10ಕ್ಕೆ ಬನ್ನಿ. ಸಣ್ಣ ತಿರುಪಿನಲ್ಲಿ ಚೊಕ್ಕ ಮಾಡಿ, ಮತ್ತೆ ನಡುವಿಗೆ ತನ್ನಿ. ನ್ಯೂಕ್ಲಿಯಸ್ಸಿನ ಅಂಚು ಕೂದಲಿನಂತೆ ತೆಳ್ಳಗೆ ಕಾಣುವ ತನಕ ಬಿಡಬೇಡಿ, ಸುಮಾರಾಗಿ ಕಂಡರೆ ಸಾಲದು. ಈಗ ಕಣ್ಣು ತೆಗೆದು ಪಕ್ಕದಿಂದ ನೋಡುತ್ತಾ 40 ತಿರುಗಿಸಿ. ತಾಗುವಂತಿದ್ದರೆ ನಿಮಗೇ ಕಾಣುತ್ತದೆ, ಅಲ್ಲೇ ನಿಲ್ಲಿಸಿ. ಕ್ಲಿಕ್ ಆಯಿತು. ದೊಡ್ಡ ತಿರುಪಿನ ಕಡೆ ಕೈ ಹೋಗಬಾರದು. ಕತ್ತಲೆ ಆಗಿರುತ್ತದೆ, ಗಾಬರಿ ಬೇಡ. ಕಂಡೆನ್ಸರನ್ನು ಮೇಲೆ ತನ್ನಿ, ಐರಿಸ್ ಸ್ವಲ್ಪ ತೆರೆಯಿರಿ. ಸಣ್ಣ ತಿರುಪು ಒಂದು ಕಡೆಗೆ ಕಾಲು ಸುತ್ತು, ಬರಲಿಲ್ಲ ಅಂದರೆ ಇನ್ನೊಂದು ಕಡೆಗೆ ಅರ್ಧ ಸುತ್ತು. ಅಷ್ಟಕ್ಕೂ ಬರದಿದ್ದರೆ ಹುಡುಕುತ್ತಾ ಕೂರಬೇಡಿ, 10ಕ್ಕೆ ವಾಪಸ್ ಹೋಗಿ ಮತ್ತೆ ಬನ್ನಿ.

ದ್ವಿತೀಯ_ಪಿಯು_ಹುಡುಗ

ಐರಿಸ್ ಪೂರ್ತಿ ತೆರೆದರೆ ಇನ್ನೂ ಚೆನ್ನಾಗಿ ಕಾಣಬೇಕಲ್ಲ? ನಾನು ತೆರೆದಾಗ ಕೋಶಗಳೇ ಮಾಯ ಆದವು. ಮತ್ತೆ ನನಗೆ 40ರಲ್ಲಿ ದುಂಡಗೆ, ಕಪ್ಪು ದಪ್ಪ ಅಂಚಿನ ಕೋಶಗಳೂ ಸಿಕ್ಕಿವೆ. ಅವು ಯಾವುವು?

ಲ್ಯಾಬ್_ಮಾವ

ಬಣ್ಣ ಹಾಕದ ಸಿಪ್ಪೆ ಗಾಜಿನಷ್ಟೇ ಪಾರದರ್ಶಕ. ಬೆಳಕು ನಾಲ್ಕೂ ಕಡೆಯಿಂದ ನುಗ್ಗಿದರೆ ಅಂಚು ಅಳಿಸಿಹೋಗುತ್ತದೆ. ಐರಿಸ್ ತುಸು ಮುಚ್ಚು, ಗೆರೆ ಎದ್ದು ಬರುತ್ತದೆ. ಹಾಗಂತ ತೀರಾ ಮುಚ್ಚಿದರೆ ಪ್ರತಿ ಗೆರೆಗೂ ಒಂದು ನೆರಳಿನ ಗೆರೆ ಹುಟ್ಟಿಕೊಂಡು, ಇಲ್ಲದ್ದೆಲ್ಲಾ ಕಾಣುತ್ತದೆ. ಸ್ಯಾಫ್ರನಿನ್ ಹಾಕಿದ ಸಿಪ್ಪೆಗೆ ಜಾಸ್ತಿ ತೆರೆಯಬಹುದು. ಐಪೀಸ್ ತೆಗೆದು ಖಾಲಿ ಟ್ಯೂಬಿನೊಳಗೆ ನೋಡು, ಕೆಳಗೆ ಬೆಳಕಿನ ಬಿಲ್ಲೆ ಕಾಣುತ್ತದೆ. ಐರಿಸ್ ಮುಚ್ಚುತ್ತಾ ಬಂದು ಆ ಬಿಲ್ಲೆಯ ಮುಕ್ಕಾಲು ಭಾಗ ಉಳಿಯುವಂತೆ ಬಿಟ್ಟರೆ ಹೆಚ್ಚೂಕಡಿಮೆ ಸರಿ ಇರುತ್ತದೆ.

ಕಪ್ಪು ಅಂಚಿನ ದುಂಡಗಿನ ಕೋಶ ಗಾಳಿಗುಳ್ಳೆ ಮರಿ. ರೆಕಾರ್ಡಿನಲ್ಲಿ ಬರೆದಿದ್ದರೆ ಒರೆಸು.

ದ್ವಿತೀಯ_ಪಿಯು_ಹುಡುಗ

ಬರೆದು, ನ್ಯೂಕ್ಲಿಯಸ್ ಅಂತ ಬಾಣದ ಗುರುತೂ ಹಾಕಿದ್ದೇನೆ 😐 ಸಹಿ ಕೂಡ ಆಗಿದೆ.

ಕುತೂಹಲಿ_ಅಪ್ಪ

ಇಷ್ಟೆಲ್ಲಾ ಇದೆಯಾ? ಹಾಗಾದರೆ 1200ರದು ಬೇಡವಾ? ಕಾಗದ ಮಡಚಿ ಮಾಡುವ ಫೋಲ್ಡ್‌ಸ್ಕೋಪ್ ಅಂತಲೂ ಒಬ್ಬರು ಹೇಳಿದರು.

ಲ್ಯಾಬ್_ಮಾವ

ಫೋಲ್ಡ್‌ಸ್ಕೋಪ್ ಚೆನ್ನಾಗಿದೆ. ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಅವರ ತಂಡ 2014ರಲ್ಲಿ ಅದರ ವಿವರ ಪ್ರಕಟಿಸಿತು. ಆದರೆ ಅದರಲ್ಲಿರುವುದು ಒಂದೇ ಸಣ್ಣ ಗುಂಡು ಲೆನ್ಸ್. ಐಪೀಸ್ ಬೇರೆ, ಆಬ್ಜೆಕ್ಟಿವ್ ಬೇರೆ ಅಂತ ಇಲ್ಲ, ಹಾಗಾಗಿ ಇಲ್ಲಿನ ತಾಪತ್ರಯವೂ ಇಲ್ಲ. ಮಗಳಿಗೆ ಕೊಡಿ, ತೋಟದಲ್ಲಿ ಹಿಡಿದುಕೊಂಡು ಓಡಾಡುತ್ತಾಳೆ.

1200ರ ವಿಷಯ ಹೀಗೆ. 40/0.65ರಲ್ಲಿ ಆ 0.65 ಲೆನ್ಸ್ ಎಷ್ಟು ಸೂಕ್ಷ್ಮ ಬಿಡಿಸಿ ತೋರಿಸಬಲ್ಲದು ಎಂಬುದರ ಅಳತೆ. ಅದರ ಸಾವಿರ ಪಟ್ಟು, ಅಂದರೆ 650ರ ಆಚೆ ಎಷ್ಟು ದೊಡ್ಡದು ಮಾಡಿದರೂ ಹೊಸದೇನೂ ಕಾಣುವುದಿಲ್ಲ, ಅದೇ ಮಬ್ಬು ದೊಡ್ಡದಾಗುತ್ತದೆ. ಆಟಿಕೆ ಮೈಕ್ರೋಸ್ಕೋಪಿನ ಮೇಲೆ ಆ ಎರಡನೇ ಅಂಕಿ ಬರೆದಿರುವುದೇ ಅಪರೂಪ.

ಸಂಪಿಗೆ_ಬಯೋ

ಸರ್, ಇವತ್ತು ಹೊಸದಾಗಿ ಸಿಪ್ಪೆ ಬಿಡಿಸಿ ಮಾಡಿಸಿದೆ. 1 ಮತ್ತು 2ರಲ್ಲಿ ಹುಡುಗರೇ 40ಕ್ಕೆ ತಂದರು. ಸ್ಲೈಡ್ ಡಬ್ಬಿಯಲ್ಲಿ ಕೈಬರಹದ ಲೇಬಲ್ ಇದ್ದುದನ್ನೆಲ್ಲಾ ಉಗುರಿನಿಂದ ಪರೀಕ್ಷೆ ಮಾಡಿ, ತಪ್ಪು ಮೈಗೆ ಅಂಟಿಸಿದ್ದನ್ನು ಕಿತ್ತು ಸರಿ ಮಾಡಿದೆ.

ಉಳಿದಿದ್ದು 3. ಅದರಲ್ಲಿ ನನ್ನ ಒಳ್ಳೆಯ ಸ್ಲೈಡ್ ಕೂಡ ಬರುವುದಿಲ್ಲ. 40 ಕ್ಲಿಕ್ ಆಗುತ್ತದೆ, ತಾಗುವುದಿಲ್ಲ. ಸಣ್ಣ ತಿರುಪನ್ನು ಕೊನೆಯ ತನಕ ತಿರುಗಿಸಿದರೂ ಮಂಜು ಮಂಜೇ.

ಲ್ಯಾಬ್_ಮಾವ

ಸಣ್ಣ ತಿರುಪು ಒಂದು ತುದಿಗೆ ಹೋಗಿ ನಿಂತಿದ್ದರೆ ಮೊದಲು ಅದನ್ನು ಅದರ ಓಟದ ನಡುವಿಗೆ ತನ್ನಿ, ಆಮೇಲೆ 10ರಲ್ಲಿ ದೊಡ್ಡ ತಿರುಪಿನಿಂದ ಫೋಕಸ್ ಮಾಡಿ ನೋಡಿ. ಆಗಲೂ ಬರದಿದ್ದರೆ 1ರ 40ನ್ನು ಬಿಚ್ಚಿ 3ಕ್ಕೆ, 3ರದನ್ನು 1ಕ್ಕೆ ಹಾಕಿ. ಲೆನ್ಸಿನ ಸ್ಕ್ರೂ ಮರೆ ಎಲ್ಲದಕ್ಕೂ ಸಾಮಾನ್ಯವಾಗಿ ಒಂದೇ ಅಳತೆ, ಕೂರುತ್ತದೆ. ಹೊಸ ಜಾಗದಲ್ಲಿ ತಿರುಗಿಸುವಾಗ ಪಕ್ಕದಿಂದ ನೋಡುವುದು ಮರೆಯಬೇಡಿ.

ಸಂಪಿಗೆ_ಬಯೋ

ತಿರುಪು ನಡುವಿಗೆ ತಂದರೂ ಬರಲಿಲ್ಲ, ಆದ್ದರಿಂದ ಅದಲು ಬದಲು ಮಾಡಿದೆ. 1ರ ಲೆನ್ಸ್ 3ರಲ್ಲಿ ಸಲೀಸಾಗಿ ಬಂತು. 3ರ ಲೆನ್ಸ್ 1ರಲ್ಲೂ ಮಂಜು. ಅಂದರೆ ಲೆನ್ಸೇ. ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿದಾಗ 3ರದು ಎಷ್ಟೋ ಗಿಡ್ಡ ಇದೆ ಸರ್. ಸ್ಕೇಲಿನಲ್ಲಿ ಸುಮಾರು 8 ಮಿ.ಮೀ. ವ್ಯತ್ಯಾಸ. ಐಪೀಸನ್ನು ತಲೆಕೆಳಗೆ ಹಿಡಿದು ನೋಡಿದೆ, ಗಾಜು ಶುಭ್ರವಾಗಿದೆ.

ಲ್ಯಾಬ್_ಮಾವ

ಹಾಗಾದರೆ ಅದು ಹಾಳಾಗಿಲ್ಲ, ಬೇರೆ ಸೆಟ್ಟಿನದು. 45 ಮಿ.ಮೀ. ಅಳತೆ ಎಲ್ಲರೂ ಹಿಡಿಯುವ ಮೊದಲು ಅದಕ್ಕಿಂತ ಗಿಡ್ಡ ಲೆನ್ಸುಗಳು ಬರುತ್ತಿದ್ದವು. ಹಿಂದೆ ಯಾರೋ ಒಡೆದ ಲೆನ್ಸಿನ ಜಾಗಕ್ಕೆ ಕೈಗೆ ಸಿಕ್ಕಿದ ಹಳೆಯದನ್ನು ಹಾಕಿದ್ದಾರೆ. ಕ್ಲಿಕ್ ಆದಾಗ ಅದು ನಿಲ್ಲಬೇಕಾದ ಜಾಗಕ್ಕಿಂತ ಸುಮಾರು 8 ಮಿ.ಮೀ. ದೂರದಲ್ಲೇ ನಿಂತುಬಿಡುತ್ತದೆ. ಸಣ್ಣ ತಿರುಪಿನ ಇಡೀ ಓಟವೇ ಒಂದೆರಡು ಮಿಲಿಮೀಟರ್, ಅದು ಎಲ್ಲಿಗೆ ಸಾಲುತ್ತದೆ?

ಪುಣ್ಯಕ್ಕೆ ನಿಮ್ಮಲ್ಲಿ 40 ಗಿಡ್ಡ. 10ರ ಜಾಗದಲ್ಲಿ ಗಿಡ್ಡದು ಇದ್ದು 40 ಉದ್ದ ಇದ್ದಿದ್ದರೆ ತಿರುಗಿಸಿದ ಕೂಡಲೇ ಕವರ್ ಸ್ಲಿಪ್ಪಿಗೆ ಗುದ್ದುತ್ತಿತ್ತು.

ಪ್ರಾಕ್ಟಿಕಲ್_ಮೇಷ್ಟ್ರು

ನೋಡಿ, ಈಗ 3ರಲ್ಲಿ ಏನು ಮಾಡುತ್ತೀರಿ? ಪಕ್ಕದಿಂದ ನೋಡುತ್ತಾ ದೊಡ್ಡ ತಿರುಪಿನಿಂದ ಹತ್ತಿರ ತಂದು, ಕಣ್ಣಿಟ್ಟು ಎತ್ತಬೇಕು. ನಾನು ಮೊದಲ ದಿನವೇ ಹೇಳಿದ್ದು ಅದೇ.

ಲ್ಯಾಬ್_ಮಾವ

ಆ ಒಂದು ಮೈಕ್ರೋಸ್ಕೋಪಿಗೆ ನಿಮ್ಮ ವಿಧಾನವೇ ಸರಿ ಮೇಷ್ಟ್ರೇ, ಇಲ್ಲ ಅನ್ನುವುದಿಲ್ಲ. ಬಹುಶಃ ನಿಮ್ಮ ಕಾಲೇಜಿನಲ್ಲೂ ಸೆಟ್ಟುಗಳು ಕಲಸಿಹೋಗಿರಬೇಕು. ಒಮ್ಮೆ ಲೆನ್ಸುಗಳನ್ನು ಬಿಚ್ಚಿ ಪಕ್ಕದಲ್ಲಿ ನಿಲ್ಲಿಸಿ ನೋಡಿ.

ಪ್ರಾಕ್ಟಿಕಲ್_ಮೇಷ್ಟ್ರು

ನೋಡುತ್ತೇನೆ. ಬೀರುವಿನ ಬೀಗದ ಕೈ ಪ್ರಿನ್ಸಿಪಾಲರ ಹತ್ತಿರ ಇದೆ.

ಸ್ಮಿಯರ್_ಸವಿತಾ

8 ಮಿ.ಮೀ. ಹಿತ್ತಾಳೆ ಬಳೆ ಮಾಡಿಸಿ ಲೆನ್ಸಿಗೂ ನೋಸ್‌ಪೀಸಿಗೂ ನಡುವೆ ಹಾಕಿದರೆ ಆಗುವುದಿಲ್ಲವಾ? ನಮ್ಮ ಹಳೆಯ ಮೈಕ್ರೋಸ್ಕೋಪಿನಲ್ಲಿ ಅಂಥದ್ದು ಇತ್ತು.

ಲ್ಯಾಬ್_ಮಾವ

ಫೋಕಸ್ ಬರುತ್ತದೆ, ಮಾಡಿಸುವವರು ಇದ್ದಾರೆ. ಆದರೆ ಬಳೆ ಹಾಕಿದಷ್ಟು ಟ್ಯೂಬ್ ಉದ್ದ ಆಗುತ್ತದೆ, 160 ಹೋಗಿ 168 ಆಗುತ್ತದೆ. ಅಂಚು ಎಷ್ಟು ಮೆತ್ತಗಾಗುತ್ತದೆ ಅಂತ ಆ ಲೆನ್ಸನ್ನು ನೋಡದೆ ಹೇಳಲಾರೆ. ಈರುಳ್ಳಿಗೆ ನಡೆಯಬಹುದು, ಕ್ರೋಮೋಸೋಮಿಗೆ ನನಗೆ ನಂಬಿಕೆ ಇಲ್ಲ. ಮೇಡಂ, ಬಳೆಯ ಖರ್ಚೂ ಹೊಸ ಲೆನ್ಸಿನ ಬೆಲೆಯೂ ಎರಡನ್ನೂ ಕೇಳಿಕೊಂಡು ಬನ್ನಿ. ಹೊಸದು ತರಿಸುವುದಾದರೆ 160/0.17 ಇದೆಯಾ, ಉದ್ದ 1ರ 40ಕ್ಕೆ ಸಮ ಇದೆಯಾ ಅಂತ ನೋಡಿಯೇ ದುಡ್ಡು ಕೊಡಿ. ಅನಂತ ಚಿಹ್ನೆ, ಮಲಗಿದ 8ರಂತೆ ಇರುತ್ತದಲ್ಲ, ಅದು ಕೆತ್ತಿದ್ದರೆ ನಿಮ್ಮ ಟ್ಯೂಬಿಗೆ ಹೊಂದುವುದಿಲ್ಲ.

ಸಂಪಿಗೆ_ಬಯೋ

ಸರಿ ಸರ್. ಸದ್ಯಕ್ಕೆ 3ರಲ್ಲಿ 10ರ ತನಕ ಮಾತ್ರ ಅಂತ ಚೀಟಿ ಅಂಟಿಸಿದ್ದೇನೆ. ಮೈಟಾಸಿಸ್ ಸ್ಲೈಡ್ 1ರಲ್ಲಿ, ಸಿಪ್ಪೆ 2ರಲ್ಲಿ. ಬೆಲೆ ಕೇಳಿ ಬಂದು ಇಲ್ಲೇ ಹಾಕುತ್ತೇನೆ.